ನುಣುಪು ಅಲೆಗಳಿಂದ ಚೂಪು ಅಂಚು

ಪ್ರಶ್ನೆ: ಸೈನ್ ಅಲೆಯಲ್ಲಿ ಮೂಲೆಯೇ ಇಲ್ಲ. ಅಂಥವನ್ನು ಕೂಡಿಸಿ ಗೋಡೆಯಂತೆ ನೆಟ್ಟಗೆ ಏರುವ ಚೌಕ ಅಲೆಯನ್ನು ಕಟ್ಟುವುದು ಹೇಗೆ?

ಉತ್ತರ: ಕೂಡಿಸಬೇಕಾದ ಸರಣಿ ಇದು:

sin x + sin 3x/3 + sin 5x/5 + …

ಮೊದಲು ಅಲೆಯ ನಡುಭಾಗ, ಅಂದರೆ x = 90° ನೋಡೋಣ. ಒಂದೇ ಪದವಿದ್ದಾಗ ಎತ್ತರ 1. ಎರಡನೆಯದು ಸೇರಿದರೆ 0.667, ಮೂರನೆಯದಕ್ಕೆ 0.867, ನಾಲ್ಕನೆಯದಕ್ಕೆ 0.724. ಹೀಗೆ ಮೇಲೆ ಕೆಳಗೆ ತೂಗುತ್ತ ಅದು π/4, ಅಂದರೆ ಸುಮಾರು 0.785ರ ಹತ್ತಿರ ನೆಲೆಸುತ್ತದೆ. ಚಪ್ಪಟೆ ಭಾಗಕ್ಕೆ ಕೆಲವೇ ಪದಗಳಲ್ಲಿ ಒಂದು ಅಂದಾಜು ರೂಪ ಬಂದುಬಿಡುತ್ತದೆ.

ಅಂಚಿನ ಕಥೆ ಬೇರೆ. x = 0 ಬಳಿ sin 3x ಮೂರು ಪಟ್ಟು ಕಡಿದಾಗಿ ಏರುತ್ತದೆ, ಆದರೆ ಅದನ್ನು ಮೂರರಿಂದ ಭಾಗಿಸಿದ್ದೇವೆ. ಹಾಗಾಗಿ ಅದರ ಇಳಿಜಾರು ಸರಿಯಾಗಿ 1. ಐದನೆಯದಕ್ಕೂ 1, ತೊಂಬತ್ತೊಂಬತ್ತನೆಯದಕ್ಕೂ 1! ಎತ್ತರದಲ್ಲಿ ಪುಟ್ಟದಾದ ಪದವೂ ಅಂಚಿನಲ್ಲಿ ಮೊದಲ ಪದದಷ್ಟೇ ದುಡಿಯುತ್ತದೆ. ಹತ್ತು ಪದ ಕೂಡಿಸಿದರೆ ಇಳಿಜಾರು 10, ನೂರು ಕೂಡಿಸಿದರೆ 100. ನೆಟ್ಟಗಿನ ಗೋಡೆಯ ಇಳಿಜಾರಿಗೆ ಮಿತಿಯಿಲ್ಲ, ಆದ್ದರಿಂದ ಪದಗಳಿಗೂ ಕೊನೆಯಿಲ್ಲ. ನನಗೆ ಈ ಸರಣಿಯಲ್ಲಿ ತುಂಬ ಇಷ್ಟವಾದ ಸಂಗತಿ ಇದೇ.

1000 ಹರ್ಟ್ಸ್‌ನ ಚೌಕ ಅಲೆಯನ್ನು 6000 ಹರ್ಟ್ಸ್‌ವರೆಗೆ ಮಾತ್ರ ಬಿಡುವ ಫಿಲ್ಟರಿಗೆ ಕೊಟ್ಟರೆ 1000, 3000, 5000ರ ಮೂರೇ ಪದಗಳು ಉಳಿಯುತ್ತವೆ. ಆಸಿಲೋಸ್ಕೋಪಿನಲ್ಲಿ ಅಂಚು ಓರೆಯಾಗಿ, ತಲೆಯ ಮೇಲೆ ಮೂರು ಉಬ್ಬುಗಳು ಕಾಣುತ್ತವೆ. ಪದ ಹೆಚ್ಚಿಸಿದಂತೆ ಉಬ್ಬುಗಳು ಕಿರಿದಾಗಿ ಅಂಚಿನತ್ತ ಒತ್ತುತ್ತವೆ. ಆದರೆ ಅಂಚಿಗೆ ಅಂಟಿದ ಉಬ್ಬು ಮಾತ್ರ ಒಟ್ಟು ಜಿಗಿತದ ಸುಮಾರು 9%ಕ್ಕಿಂತ ತಗ್ಗುವುದಿಲ್ಲ. ಇದಕ್ಕೆ ಗಿಬ್ಸ್ ವಿದ್ಯಮಾನ ಎನ್ನುತ್ತಾರೆ. ಗಿಬ್ಸ್ ಇದನ್ನು ವಿವರಿಸಿದ್ದು 1899ರಲ್ಲಿ. ವಿಲ್ಬ್ರಹ್ಯಾಮ್ ಅದಕ್ಕೂ ಮೊದಲೇ, 1848ರಲ್ಲಿ, ಗುರುತಿಸಿದ್ದರು.