ಕಾರ್ಡಿನ ಮೇಲಿನ ಯಾವ ನಂಬರು ಯಾವುದು?

ಹುಬ್ಬಳ್ಳಿಯ ಬೀಜ-ಗೊಬ್ಬರದ ಅಂಗಡಿಯೊಂದರ ವಿಸಿಟಿಂಗ್ ಕಾರ್ಡ್ ಹೀಗಿದೆ ಎಂದುಕೊಳ್ಳಿ. ಮೇಲ್ತುದಿಯಲ್ಲಿ, ಎರಡೆರಡು ಉದ್ದಗೆರೆಗಳ ನಡುವೆ ‘ಶ್ರೀ ಸಿದ್ಧಾರೂಢ ಪ್ರಸನ್ನ’. ಮಧ್ಯದಲ್ಲಿ ಜೋಳದ ತೆನೆಯಿರುವ ದುಂಡನೆಯ ಲೋಗೋ, ಅದರ ಅಂಚಿನಲ್ಲಿ ಬಾಗಿದ ಅಕ್ಷರಗಳಲ್ಲಿ ಅಂಗಡಿಯ ಹೆಸರು. ಲೋಗೋದ ಎಡಕ್ಕೆ ‘ಎಸ್. ಎಂ. ಪಾಟೀಲ’, ಅದರ ಕೆಳಗೆ ಸಣ್ಣದಾಗಿ ‘ಪ್ರೊಪ್ರೈಟರ್’. ಬಲಕ್ಕೆ ಎರಡು ಮೊಬೈಲ್ ನಂಬರು, ಅವುಗಳ ಕೆಳಗೆ 0836ರಿಂದ ಶುರುವಾಗಿ ‘45 / 46’ ಎಂದು ಮುಗಿಯುವ ಅಂಗಡಿಯ ಫೋನು. ತಳದಲ್ಲಿ ವಿಳಾಸ, ಪಿನ್ ಕೋಡ್, ಇ-ಮೇಲ್. ಕಾರ್ಡನ್ನು ಕೈಗೆ ತೆಗೆದುಕೊಂಡವರಿಗೆ ಯಾವುದು ಏನೆಂದು ಕ್ಷಣದಲ್ಲೇ ತಿಳಿಯುತ್ತದೆ. ಇದೇ ಕಾರ್ಡಿನ ಫೋಟೊ ತೆಗೆದು, ಮೊಬೈಲಿನ ಆ್ಯಪ್‌ನಿಂದ ನೇರವಾಗಿ ಕಾಂಟ್ಯಾಕ್ಟ್ ಪಟ್ಟಿಗೆ ಸೇರಿಸಲು ಹೊರಟಾಗ ತೊಡಕು ಎದುರಾಗುತ್ತದೆ. ಆ ತೊಡಕು ಅಕ್ಷರ ಗುರುತಿಸುವುದಕ್ಕಿಂತ ಹೆಚ್ಚಾಗಿ, ಅಕ್ಷರಗಳ ನಡುವಿನ ಖಾಲಿ ಜಾಗವನ್ನು ಅರ್ಥ ಮಾಡಿಕೊಳ್ಳುವುದರಲ್ಲಿದೆ.

ಚಿತ್ರದಿಂದ ಅಕ್ಷರ ಓದುವ ತಂತ್ರಾಂಶಗಳಲ್ಲಿ ಟೆಸೆರಾಕ್ಟ್ ಬಹಳ ಬಳಕೆಯಲ್ಲಿದೆ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ 1980ರ ದಶಕದಲ್ಲಿ ಹುಟ್ಟಿದ ಇದು 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಕನ್ನಡವನ್ನೂ ಓದುತ್ತದೆ. ಇಂಥ ತಂತ್ರಾಂಶಕ್ಕೆ ಚಿತ್ರವನ್ನು ಒಂದೇ ಸಮನಾದ ಬರಹವೆಂದು ಒಪ್ಪಿಸಿದರೆ, ಪುಸ್ತಕದ ಪುಟ ಓದಿದಂತೆ ಎಡದಿಂದ ಬಲಕ್ಕೆ ಸಾಲುಸಾಲಾಗಿ ಓದಿಕೊಂಡು ಹೋಗುತ್ತದೆ. ಆಗ ಪಾಟೀಲರ ಹೆಸರು, ಲೋಗೋದ ತೆನೆಯಿಂದ ಹುಟ್ಟಿದ ಒಂದೆರಡು ಅರ್ಥವಿಲ್ಲದ ಚಿಹ್ನೆ, ಮೊದಲ ಮೊಬೈಲ್ ನಂಬರು ಎಲ್ಲ ಸೇರಿ ಒಂದು ಸಾಲಾಗುತ್ತವೆ. ‘ಪ್ರೊಪ್ರೈಟರ್’ ಜೊತೆಗೆ ಎರಡನೆಯ ನಂಬರು ಅಂಟಿಕೊಳ್ಳುತ್ತದೆ. ಪ್ರತಿ ಅಕ್ಷರವೂ ಸರಿಯಾಗಿದ್ದೂ ಕಾರ್ಡಿನ ಅರ್ಥ ಕಲಸಿಹೋಗಿರುತ್ತದೆ.

ಆದ್ದರಿಂದ ಓದುವ ಕೆಲಸವನ್ನು ಎರಡು ಹಂತ ಮಾಡುತ್ತಾರೆ. ಮೊದಲ ಹಂತದಲ್ಲಿ ಪ್ರತಿ ಪದದ ಜೊತೆ ಅದು ಚಿತ್ರದಲ್ಲಿ ಎಲ್ಲಿದೆ, ಎಷ್ಟು ಅಗಲ, ಎಷ್ಟು ಎತ್ತರ ಎಂಬ ಅಳತೆಯನ್ನೂ ತೆಗೆದುಕೊಳ್ಳುತ್ತಾರೆ. ಎರಡನೆಯ ಹಂತದಲ್ಲಿ ಆ ಅಳತೆಗಳಿಂದ ಗುಂಪು ಕಟ್ಟುತ್ತಾರೆ. ಒಂದೇ ಸಾಲಿನಲ್ಲಿರುವ ಎರಡು ಪದಗಳ ನಡುವಿನ ಅಂತರ ಅಕ್ಷರದ ಎತ್ತರಕ್ಕಿಂತ ಬಹಳ ಹೆಚ್ಚಿದ್ದರೆ ಸಾಲನ್ನು ಅಲ್ಲೇ ಮುರಿಯಬೇಕು. ಒಂದರ ಕೆಳಗೊಂದು ಇರುವ ತುಂಡುಗಳ ಎಡ ಅಂಚು ಒಂದೇ ನೇರಕ್ಕೆ ಬಂದರೆ ಅವನ್ನು ಜೊತೆಗೂಡಿಸಬೇಕು. ನಮ್ಮ ಕಾರ್ಡಿನಲ್ಲಿ ಲೋಗೋದಷ್ಟು ಅಗಲದ ಅಂತರ ಕಂಡೊಡನೆ ಸಾಲು ಎರಡಾಗುತ್ತದೆ. ಹೆಸರು ಮತ್ತು ಹುದ್ದೆ ಎಡದ ಗುಂಪಿಗೆ, ಮೂರು ಫೋನುಗಳು ಬಲದ ಗುಂಪಿಗೆ ಹೋಗುತ್ತವೆ. ವಿನ್ಯಾಸಗಾರ ಕಣ್ಣಿಗೆ ಹಿತವಾಗಲೆಂದು ಬಿಟ್ಟ ಜಾಗವೇ ಇಲ್ಲಿ ಆಧಾರ. ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ ತುಂಬಿದ ಕಾರ್ಡುಗಳಲ್ಲಿ ಈ ಆಧಾರ ಸಿಗದೆ ಗುಂಪುಗಳು ಬೆರೆತುಹೋಗುತ್ತವೆ.

ಗುಂಪುಗಳು ಸಿಕ್ಕ ಮೇಲೆ ಯಾವುದು ಏನೆಂದು ಹೆಸರಿಸಬೇಕು. ಇ-ಮೇಲ್ ಸುಲಭ, ನಡುವೆ @ ಇರುತ್ತದೆ. ಫೋನುಗಳಲ್ಲಿ ಅಂಕೆಗಳ ಲೆಕ್ಕ ನೆರವಾಗುತ್ತದೆ. ಭಾರತದ ಮೊಬೈಲ್ ನಂಬರಿಗೆ 10 ಅಂಕೆ, ಮೊದಲನೆಯದು 6ರಿಂದ 9ರೊಳಗೆ. ಸ್ಥಿರ ದೂರವಾಣಿಯಲ್ಲಿ ಮುಂದಿನ ಸೊನ್ನೆ ಬಿಟ್ಟರೆ ಎಸ್‌ಟಿಡಿ ಕೋಡ್ ಮತ್ತು ನಂಬರು ಸೇರಿ 10 ಅಂಕೆ. ಬೆಂಗಳೂರಿನ 080ರ ಮುಂದೆ 8 ಅಂಕೆ ಬಂದರೆ ಹುಬ್ಬಳ್ಳಿಯ 0836ರ ಮುಂದೆ 7 ಬರುತ್ತವೆ. 836 ಮತ್ತು 7 ಕೂಡಿದರೆ ಅದೇ 10. ವಿಳಾಸದ ಪಿನ್ ಕೋಡ್‌ಗೆ 6 ಅಂಕೆ ಮಾತ್ರ, ಹಾಗಾಗಿ ಅದು ಫೋನಿನ ಸಾಲಿಗೆ ಬಂದು ಸೇರುವುದಿಲ್ಲ. ನಂಬರಿನ ಮುಂದೆ ‘ಮೊ’, ‘ಆಫೀಸ್’, ‘ಮನೆ’ ಎಂದಿದ್ದರೆ ಇನ್ನೂ ಒಳ್ಳೆಯದು. ಆದರೆ ಈಚಿನ ಕಾರ್ಡುಗಳಲ್ಲಿ ಆ ಪದಗಳ ಜಾಗಕ್ಕೆ ಪುಟ್ಟ ಫೋನಿನ ಚಿತ್ರ ಬಂದಿದೆ. ತಂತ್ರಾಂಶ ಅದನ್ನು ಕೆಲವೊಮ್ಮೆ 8 ಎಂದೋ 0 ಎಂದೋ ಓದುತ್ತದೆ. 10 ಇರಬೇಕಾದ ಕಡೆ 11 ಅಂಕೆ ಕಂಡಾಗ ಮೊದಲನೆಯದು ಚಿತ್ರವಿರಬಹುದೇ ಎಂದು ಅನುಮಾನಿಸುವುದು ಅದಕ್ಕೇ.

‘45 / 46’ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಸಂಕ್ಷೇಪ: ನಂಬರು ಎರಡಿವೆ, ಕೊನೆಯ ಎರಡು ಅಂಕೆ ಮಾತ್ರ ಬೇರೆ. ಈ ರೂಢಿ ಗೊತ್ತಿಲ್ಲದ ಆ್ಯಪ್ 46ನ್ನು ಬಿಟ್ಟುಬಿಡುತ್ತದೆ, ಇಲ್ಲವೇ ಮೊದಲ ನಂಬರಿನ ಬಾಲಕ್ಕೆ ಅಂಟಿಸಿ ಅದನ್ನೂ ಕೆಡಿಸುತ್ತದೆ. ಸರಿಯಾದ ದಾರಿ ಎಂದರೆ ಓರೆಗೆರೆಯ ಆಚೆ ಎಷ್ಟು ಅಂಕೆಯಿದೆಯೋ ಅಷ್ಟನ್ನು ಮೊದಲ ನಂಬರಿನ ಕೊನೆಯಿಂದ ತೆಗೆದು, ಅಲ್ಲಿ ಹೊಸದನ್ನು ಕೂರಿಸುವುದು.

ಹೆಸರು ಪತ್ತೆ ಮಾಡುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅದಕ್ಕೆ ಅಂಕೆಯ ಲೆಕ್ಕವೂ ಇಲ್ಲ, ಗುರುತಿನ ಚಿಹ್ನೆಯೂ ಇಲ್ಲ. ಎಲ್ಲಕ್ಕಿಂತ ಮೇಲಿರುವ ಅಥವಾ ದೊಡ್ಡದಾಗಿರುವ ಸಾಲೇ ಹೆಸರು ಎಂದು ನಂಬಿದರೆ ಈ ಅಂಗಡಿಯ ಮಾಲೀಕರು ಸಿದ್ಧಾರೂಢರಾಗಿಬಿಡುತ್ತಾರೆ. ಪಕ್ಕದ ಜೋಡಿಗೆರೆಗಳನ್ನು 11 ಎಂದು ಓದುವ ಅಪಾಯವೂ ಇದೆ. ಇದಕ್ಕೆ ಎರಡು ಸುಳಿವುಗಳನ್ನು ಹಿಡಿಯಬಹುದು. ‘ಪ್ರೊಪ್ರೈಟರ್’, ‘ಮ್ಯಾನೇಜರ್’, ‘ಪಾಲುದಾರರು’ ಮುಂತಾದ ಹುದ್ದೆಗಳ ಪಟ್ಟಿ ಇಟ್ಟುಕೊಂಡು, ಅವುಗಳ ಪಕ್ಕ ಅಥವಾ ನೇರ ಮೇಲಿರುವ ಸಾಲನ್ನು ಹೆಸರೆಂದು ಪರಿಗಣಿಸುವುದು ಒಂದು. ಇ-ಮೇಲನ್ನು ಹೆಸರಿನ ಜೊತೆ ಹೋಲಿಸುವುದು ಇನ್ನೊಂದು. ಅದು smpatil@example.com ಎಂದಿದ್ದರೆ @ಗಿಂತ ಹಿಂದಿನ ಭಾಗ ‘ಎಸ್. ಎಂ. ಪಾಟೀಲ’ ಎಂಬುದಕ್ಕೆ ತಾಳೆಯಾಗುತ್ತದೆ. ಅಂಗಡಿಯದೇ ಸ್ವಂತ ವಿಳಾಸವಾಗಿದ್ದರೆ @ ಮುಂದಿನ ಭಾಗದಿಂದ ಅಂಗಡಿಯ ಹೆಸರೂ ಸಿಗಬಹುದು. ಲೋಗೋದೊಳಗಿನ ಬಾಗಿದ ಅಕ್ಷರಗಳನ್ನು ಓದಲಾಗದೆ ಹೋದಾಗ ಈ ದಾರಿ ನನಗೆ ಬಹಳ ಇಷ್ಟ. ಜಿಮೇಲ್ ವಿಳಾಸ ಕೊಟ್ಟವರ ಕಾರ್ಡಿನಲ್ಲಿ ಮಾತ್ರ ಇದು ನಡೆಯದು.

ಕನ್ನಡದಲ್ಲಿ ಮುದ್ರಿಸಿದ ಕಾರ್ಡಿಗೆ ಬೇರೆಯೇ ಎಚ್ಚರ ಬೇಕು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ಸಾಲುಗಳು ಹತ್ತಿರವಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ಸೇರಿಹೋಗುತ್ತದೆ. ಕನ್ನಡದ ಅಂಕೆ ೦ ಮತ್ತು ಅನುಸ್ವಾರ ನೋಡಲು ಒಂದೇ ತರಹ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ ಅಕ್ಷರ. ಕನ್ನಡ ಅಂಕೆಯಲ್ಲಿರುವ ನಂಬರನ್ನು ಇಂಗ್ಲಿಷ್ ಅಂಕೆಗೆ ಬದಲಿಸುವ ಮೊದಲು, ಅದರೊಳಗೆ ಅನುಸ್ವಾರ ನುಸುಳಿದ್ದರೆ ಅದನ್ನು ಸೊನ್ನೆಯೆಂದೇ ತಿದ್ದಬೇಕು.

ಕೊನೆಗೆ ಎಲ್ಲವೂ ವಿ-ಕಾರ್ಡ್ ಎಂಬ ಸಣ್ಣ ಕಡತವಾಗುತ್ತದೆ. ಫೋನುಗಳು ಕಾಂಟ್ಯಾಕ್ಟ್‌ಗಳನ್ನು ಪರಸ್ಪರ ಕಳುಹಿಸುವುದು ಈ ರೂಪದಲ್ಲೇ. ನಮ್ಮ ಕಾರ್ಡಿನದು ಹೀಗಿರುತ್ತದೆ, ನಂಬರುಗಳನ್ನು ಇಲ್ಲಿ ಮರೆಮಾಡಿದೆ:

```
BEGIN:VCARD
VERSION:3.0
N:Patil;S. M.;;;
FN:S. M. Patil
TITLE:Proprietor
TEL;TYPE=CELL:+91XXXXXXXXXX
TEL;TYPE=CELL:+91XXXXXXXXXX
TEL;TYPE=WORK:+91836XXXXX45
TEL;TYPE=WORK:+91836XXXXX46
EMAIL:smpatil@example.com
END:VCARD
```

ಉಳಿಸುವ ಮೊದಲು ಯಾವುದನ್ನು ನೋಡಬೇಕು? ಆಧಾರ್ ಸಂಖ್ಯೆಯ ಕೊನೆಯ ಅಂಕೆಯನ್ನು ಉಳಿದ ಅಂಕೆಗಳಿಂದ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಒಂದು ಅಂಕೆ ತಪ್ಪಿದರೂ ಲೆಕ್ಕ ಕೂಡದೆ ತಪ್ಪು ಬಯಲಾಗುತ್ತದೆ. ಫೋನ್ ನಂಬರಿಗೆ ಅಂಥ ಕಾವಲಿಲ್ಲ. 8 ಹೋಗಿ 6 ಆದರೆ ಅದೂ 10 ಅಂಕೆಯ ಸರಿಯಾದ ನಂಬರೇ, ಬೇರೆ ಯಾರದೋ. ಇ-ಮೇಲ್‌ನಲ್ಲೂ ಹಾಗೆಯೇ: r ಮತ್ತು n ಒತ್ತಾಗಿ ನಿಂತರೆ m ಆಗುತ್ತದೆ, 1 ಹೋಗಿ l ಆಗುತ್ತದೆ, ಕೆಳಗೆ ಗೆರೆ ಎಳೆದ ವಿಳಾಸದಲ್ಲಿ ಅಂಡರ್‌ಸ್ಕೋರ್ ಕಾಣದೇ ಹೋಗುತ್ತದೆ. ತಂತ್ರಾಂಶಕ್ಕೆ ತಾನು ತಪ್ಪಿದ್ದು ಇಲ್ಲಿ ಗೊತ್ತಾಗುವ ದಾರಿಯೇ ಇಲ್ಲ. ಹಾಗಾಗಿ ಹೆಸರಿನ ಕಾಗುಣಿತಕ್ಕಿಂತ ಮೊದಲು ಅಂಕೆಗಳನ್ನು ಕಾರ್ಡಿನ ಜೊತೆ ಒಂದೊಂದಾಗಿ ತಾಳೆ ನೋಡಬೇಕು.

ಫೋಟೊ ಚೆನ್ನಾಗಿದ್ದರೆ ಈ ತಪ್ಪುಗಳು ಬಹಳ ಕಡಿಮೆಯಾಗುತ್ತವೆ. ಕಾರ್ಡನ್ನು ಬಣ್ಣ ಬೇರೆಯಿರುವ ಮೇಜಿನ ಮೇಲಿಟ್ಟರೆ ಅದರ ನಾಲ್ಕು ಮೂಲೆಗಳನ್ನು ಗುರುತಿಸಿ ಓರೆ ಸರಿಪಡಿಸುವುದು ಆ್ಯಪ್‌ಗೆ ಸುಲಭ. ಕಾರ್ಡು ಚಿತ್ರದ ತುಂಬ ಬರಬೇಕು. ಹೊಳಪಿನ ಲ್ಯಾಮಿನೇಷನ್ ಅಥವಾ ಚಿನ್ನದ ಬಣ್ಣದ ಅಕ್ಷರವಿದ್ದರೆ ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಸಾಕು. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಬಂದ ಚಿತ್ರ ಕುಗ್ಗಿರುತ್ತದೆ, ಮೊದಲು ಕಲೆಸುವುದು ಇ-ಮೇಲ್‌ನ ಸಣ್ಣ ಅಕ್ಷರಗಳೇ. ಅದನ್ನು ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ. ಕಾಂಟ್ಯಾಕ್ಟ್ ಉಳಿಸಿದ ಮೇಲೂ ಫೋಟೊವನ್ನು ಅಳಿಸಬೇಡಿ. ಕರೆ ಬೇರೆಯವರಿಗೆ ಹೋದ ದಿನ, ತಪ್ಪಿದ ಅಂಕೆ ಯಾವುದೆಂದು ನೋಡಲು ಅದು ಬೇಕಾಗುತ್ತದೆ.