ಏಪ್ರಿಲ್ 1ರಿಂದ ಹಿಂದಕ್ಕೆ ಎಣಿಸಿದಾಗ

ಒಂದು ಸಹಕಾರಿ ಬ್ಯಾಂಕು ಏಪ್ರಿಲ್ 1ರಂದು ಹೊಸ ಸಾಫ್ಟ್‌ವೇರ್‌ಗೆ ಹೋಗಲೇಬೇಕು ಎಂದಿಟ್ಟುಕೊಳ್ಳಿ. ಹಳೆಯದರ ಒಪ್ಪಂದ ಮಾರ್ಚ್ 31ಕ್ಕೆ ಮುಗಿಯುತ್ತದೆ. ಉಳಿದಿರುವುದು 14 ವಾರ.

ಯಾವ ಕೆಲಸ ಯಾವುದಕ್ಕಾಗಿ ಕಾಯಬೇಕು ಎಂಬುದನ್ನು ಮೊದಲು ಬರೆದುಕೊಳ್ಳಬೇಕು. ಹಳೆಯ ಖಾತೆಯ ಯಾವ ವಿವರ ಹೊಸದರಲ್ಲಿ ಎಲ್ಲಿ ಸೇರಬೇಕೆಂದು ಗೊತ್ತುಮಾಡಲು 3 ವಾರ. ಅಲ್ಲಿಂದ ದಾರಿ ಕವಲೊಡೆಯುತ್ತದೆ. ಡೇಟಾ ವರ್ಗಾಯಿಸುವ ಪ್ರೋಗ್ರಾಂ ಬರೆಯಲು 4 ವಾರ ಬೇಕು. ಶಾಖೆಗಳಲ್ಲಿ ಒಬ್ಬರಿಗೇ ಇರುವ ಎರಡೆರಡು ಗ್ರಾಹಕ ಸಂಖ್ಯೆ, ತಪ್ಪಾಗಿ ದಾಖಲಾದ ಜನ್ಮದಿನಾಂಕ ಇತ್ಯಾದಿ ಸರಿಪಡಿಸಲು 6 ವಾರ ಬೇಕು. ಎರಡೂ ಮುಗಿದ ಮೇಲೆ ಪ್ರಾಯೋಗಿಕ ವರ್ಗಾವಣೆಗೆ 2, ಕಂಡ ತಪ್ಪು ತಿದ್ದಲು 2, ಕೊನೆಯ ತಾಲೀಮಿಗೆ 1.

ಉದ್ದದ ಸರಣಿ 3+6+2+2+1, ಅಂದರೆ 14 ವಾರ. ಇದೇ ಕ್ರಿಟಿಕಲ್ ಪಾತ್; ಇಲ್ಲಿ ಒಂದು ದಿನ ತಡವಾದರೆ ಎಲ್ಲವೂ ಒಂದು ದಿನ ತಡ. ಅದು ಹಾದುಹೋಗುವುದು ಪ್ರೋಗ್ರಾಮರುಗಳ ಮೇಜಿನಿಂದಲ್ಲ, ಶಾಖೆಯ ಗುಮಾಸ್ತರ ಕೈಯಿಂದ. ಇನ್ನೂ ಇಬ್ಬರು ಪ್ರೋಗ್ರಾಮರುಗಳನ್ನು ಸೇರಿಸಿಕೊಂಡರೂ ಒಂದು ದಿನವೂ ಉಳಿಯದು.

ಲೆಕ್ಕ ಸರಿಹೊಂದಿತು ಎನಿಸುತ್ತದೆ, ಆದರೆ ಎಡವಿದರೆ ಎದ್ದು ನಿಲ್ಲಲು ಜಾಗವಿಲ್ಲ. ಪ್ರತಿಯೊಬ್ಬರೂ ತಮ್ಮ ಅವಧಿಯೊಳಗೇ ಒಂದಿಷ್ಟು ಹೆಚ್ಚುವರಿ ದಿನ ಬಚ್ಚಿಟ್ಟಿರುತ್ತಾರೆ, ಅದು ಅಲ್ಲಲ್ಲೇ ಕರಗಿಹೋಗುತ್ತದೆ. ಎಲಿಯಾಹು ಗೋಲ್ಡ್‌ರಾಟ್ 1997ರಲ್ಲಿ 'ಕ್ರಿಟಿಕಲ್ ಚೈನ್' ಪುಸ್ತಕದಲ್ಲಿ ಹೇಳಿದ ಪರಿಹಾರ ಇದು: ಮುಗಿಯುವ ಸಾಧ್ಯತೆ ಅರ್ಧಕ್ಕರ್ಧ ಇರುವಂಥ ಅವಧಿ ಕೇಳಿ, ಉಳಿದದ್ದನ್ನು ಒಟ್ಟುಗೂಡಿಸಿ ಕೊನೆಯಲ್ಲಿ ಬಫರ್ ಆಗಿ ಇಡಿ. ಹಾಗೆ ಕೇಳಿದಾಗ ನಮ್ಮ ಸರಣಿ 2+4+1.5+1.5+1, ಒಟ್ಟು 10 ವಾರ, ಬಫರ್ 4. ಸರಣಿಯ ಅರ್ಧದಷ್ಟು ಬಫರ್ ಇರಬೇಕೆಂಬುದು ಸ್ಥೂಲ ನಿಯಮ, ಅಂದರೆ 5. ದಿನಾಂಕ ಜರುಗದು, ಹಾಗಾಗಿ ಕೆಲಸವನ್ನೇ ಕಡಿಮೆ ಮಾಡಬೇಕು. ಎಂದೋ ಮುಚ್ಚಿದ ಖಾತೆಗಳ ವಿವರವನ್ನು ಪ್ರತ್ಯೇಕ ಕಡತದಲ್ಲಿಟ್ಟು ಏಪ್ರಿಲ್ ನಂತರ ಸೇರಿಸಿದರೆ ಶಾಖೆಗಳ ಕೆಲಸ 3 ವಾರಕ್ಕೆ ಇಳಿಯುತ್ತದೆ. ಸರಣಿ 9, ಬಫರ್ 5. ಪ್ರೋಗ್ರಾಂ ಬರೆಯುವುದೂ ಈ ಲೆಕ್ಕದಲ್ಲಿ 2 ವಾರ. ಅದನ್ನು ತಡಮಾಡದೆ ಆರಂಭಿಸಿದರೆ ಆ ಕವಲಿಗೂ 1 ವಾರದ ಬಿಡುವು.

ಇನ್ನು ಪ್ರತಿ ವಾರ ಎರಡು ಅಂಕಿ ನೋಡಿದರೆ ಸಾಕು: ಸರಣಿ ಎಷ್ಟು ಮುಗಿಯಿತು, ಬಫರ್ ಎಷ್ಟು ಖರ್ಚಾಯಿತು. ಶಾಖೆಗಳ ಕೆಲಸ 3ರ ಬದಲು 5 ವಾರ ತಿಂದರೆ, ಸರಣಿಯ 9ರಲ್ಲಿ 5 ಭಾಗ ಮುಗಿದು ಬಫರ್ 40% ಹೋಗಿರುತ್ತದೆ, ಗಾಬರಿ ಬೇಡ. 6 ವಾರ ತಿಂದರೆ 60% ಹೋಗಿರುತ್ತದೆ, ಮುಗಿದ ಕೆಲಸ ಅದೇ ಸುಮಾರು 56%. ಆಗಲೇ ಇನ್ನೇನು ಕೈಬಿಡಬಹುದೆಂದು ಕೂತು ನಿರ್ಧರಿಸಬೇಕು.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಕ್ಯಾಲೆಂಡರು. ಆ 5 ವಾರದ ಬಫರ್ ಬೀಳುವುದು ಬಹುತೇಕ ಮಾರ್ಚಿನಲ್ಲಿ. ವರ್ಷಾಂತ್ಯದ ಲೆಕ್ಕ ಮುಗಿಸುವ ಅದೇ ಗುಮಾಸ್ತರೇ ವರ್ಗಾವಣೆಯ ಲೆಕ್ಕವನ್ನೂ ತಾಳೆ ನೋಡಬೇಕು. ಆ ವಾರಗಳು ಹಾಳೆಯ ಮೇಲಿದ್ದರೂ ಕೈಗೆ ಸಿಗುವುದಿಲ್ಲ. ಡಿಸೆಂಬರ್ ಕೊನೆಗೆ ಶುರುಮಾಡುವ ಕೆಲಸವನ್ನು ನವೆಂಬರಿಗೇ ತಂದು, ತಾಲೀಮೂ ಬಫರೂ ಫೆಬ್ರವರಿಯೊಳಗೆ ಬೀಳುವಂತೆ ಹೊಂದಿಸಿಕೊಳ್ಳಬೇಕು.