ಅಂಕಿ ಇಲ್ಲದ ಅಕ್ಷ: ಕಂಬದ ಎತ್ತರದಿಂದ ಏನನ್ನು ಓದಬಹುದು?

ಧಾರವಾಡದ ಕೋಚಿಂಗ್ ತರಗತಿಗಳಲ್ಲಿ ದತ್ತಾಂಶದ ಪಾಠ ಶುರುವಾದರೆ ಒಂದು ಪ್ರಶ್ನೆ ಖಂಡಿತ ಬರುತ್ತದೆ: "ಸರ್, ಎಡಗಡೆ ನಂಬರೇ ಇಲ್ರಿ, ಇದನ್ನ ಹೆಂಗ ಬಿಡಸೂದ್ರಿ?" ಜೆರಾಕ್ಸ್ ಮಾಡುವಾಗ ಅಂಚು ಕತ್ತರಿಸಿ ಹೋಗಿರುತ್ತದೆ. ಇಲ್ಲವೇ ಪ್ರಶ್ನೆ ತೆಗೆದವರೇ ಬೇಕೆಂದು ಅಂಕಿ ಬಿಟ್ಟಿರುತ್ತಾರೆ. ಬಹಳ ಜನ ಅಲ್ಲಿಗೇ ಪ್ರಶ್ನೆಯನ್ನು ಕೈಬಿಡುತ್ತಾರೆ. ಇನ್ನು ಕೆಲವರು ಕಂಬಗಳ ಎತ್ತರ ನೋಡಿ, "ಇದು ಅದರ ಎರಡರಷ್ಟಿದೆ" ಎಂದು ಗುರುತು ಹಾಕಿಬಿಡುತ್ತಾರೆ. ಈ ಎರಡನೆಯ ತಪ್ಪೇ ಹೆಚ್ಚು ಅಪಾಯದ್ದು. ಈ ಅಧ್ಯಾಯದ ಬಹುಭಾಗ ಅದಕ್ಕೇ ಮೀಸಲು.

ಸ್ತಂಭನಕ್ಷೆಯಲ್ಲಿ ಬೆಲೆಯನ್ನು ಕಂಬದ ಎತ್ತರ ತೋರಿಸುತ್ತದೆ, ರೇಖಾನಕ್ಷೆಯಲ್ಲಿ ಚುಕ್ಕೆಯ ಎತ್ತರ. ಎತ್ತರವನ್ನು ಬೆಲೆಯಾಗಿ ಬದಲಿಸಲು ಎರಡೇ ಸಂಗತಿ ಗೊತ್ತಿರಬೇಕು. ಬುಡದ ಗೆರೆಯ ಬೆಲೆ ಎಷ್ಟು? ಒಂದು ಮಿಲಿಮೀಟರಿಗೆ, ಅಥವಾ ಒಂದು ಚೌಕಕ್ಕೆ, ಎಷ್ಟು? ಮೊದಲನೆಯದನ್ನು ಬುಡಬೆಲೆ, ಎರಡನೆಯದನ್ನು ಪ್ರಮಾಣ ಎನ್ನೋಣ. ಅಕ್ಷದ ಅಂಕಿ ಅಳಿಸಿಹೋದಾಗ ಕಳೆದುಹೋಗುವುದು ಇವೆರಡೇ.

ಊರಿನದೇ ಲೆಕ್ಕ ತೆಗೆದುಕೊಳ್ಳೋಣ. 1962ರಲ್ಲಿ ಹುಬ್ಬಳ್ಳಿ ಮತ್ತು ಧಾರವಾಡ ಸೇರಿ ಒಂದೇ ಮಹಾನಗರಪಾಲಿಕೆಯಾದವು. ಜನಗಣತಿಯ ಪ್ರಕಾರ ಅವಳಿನಗರದ ಜನಸಂಖ್ಯೆ, ಲಕ್ಷದ ಲೆಕ್ಕದಲ್ಲಿ, 1981ರಲ್ಲಿ ಸುಮಾರು 5.27, 1991ರಲ್ಲಿ 6.48, 2001ರಲ್ಲಿ 7.86, 2011ರಲ್ಲಿ 9.44. ಇದೇ ನಾಲ್ಕು ಅಂಕಿಗಳಿಗೆ ಎರಡು ನಕ್ಷೆ ಬರೆಯಿರಿ.

ಮೊದಲ ನಕ್ಷೆಯಲ್ಲಿ ಬುಡ ಸೊನ್ನೆ, ಒಂದು ಲಕ್ಷಕ್ಕೆ 10 ಮಿಲಿಮೀಟರ್. ಕಂಬಗಳ ಎತ್ತರ ಅರ್ಧ ಮಿಲಿಮೀಟರಿನ ಅಂದಾಜಿಗೆ 52.5, 65, 78.5, 94.5 ಬರುತ್ತದೆ. ಎರಡನೆಯ ನಕ್ಷೆಯಲ್ಲಿ ಬುಡ ಐದು ಲಕ್ಷ, ಒಂದು ಲಕ್ಷಕ್ಕೆ 20 ಮಿಲಿಮೀಟರ್. ಈಗ ಎತ್ತರಗಳು 5.5, 29.5, 57, 89. ಎರಡರಲ್ಲೂ ಎಡಗಡೆಯ ಅಂಕಿಗಳನ್ನು ಅಳಿಸಿ ಪಕ್ಕಪಕ್ಕದಲ್ಲಿ ಇಡಿ. ಮೊದಲನೆಯದನ್ನು ಕಂಡವರು ಮೂವತ್ತು ವರ್ಷಗಳಲ್ಲಿ ಊರು 1.8 ಪಟ್ಟು ಆಯಿತು ಎನ್ನುತ್ತಾರೆ, ಅದು ನಿಜ. ಎರಡನೆಯದನ್ನು ಕಂಡವರು ಹದಿನಾರು ಪಟ್ಟು ಆಯಿತು ಎನ್ನುತ್ತಾರೆ. ಅಳತೆಯಲ್ಲಿ ಅವರ ತಪ್ಪಿಲ್ಲ, 89ನ್ನು 5.5ರಿಂದ ಭಾಗಿಸಿದರೆ ಹದಿನಾರೇ ಬರುತ್ತದೆ. ಆದರೆ ಅವರು ಹೋಲಿಸಿದ್ದು ಐದು ಲಕ್ಷದ ಮೇಲಿನ ತುದಿಗಳನ್ನು ಮಾತ್ರ. ಕಂಪೌಂಡ್ ಗೋಡೆಯ ಆಚೆ ನಿಂತ ಇಬ್ಬರ ತಲೆಗಳಷ್ಟೇ ಕಂಡರೆ ಯಾರು ಎತ್ತರ, ಎಷ್ಟು ಎತ್ತರ ಎಂದು ಹೇಳಬಹುದು. ಒಬ್ಬರು ಇನ್ನೊಬ್ಬರ ಎಷ್ಟು ಪಟ್ಟು ಎಂದು ಹೇಳಲಾಗದು.

ಈಗ ಎರಡೂ ನಕ್ಷೆಗಳಲ್ಲಿ ಪಕ್ಕದ ಕಂಬಗಳ ನಡುವಿನ ಏರಿಕೆ ಅಳೆಯಿರಿ. ಮೊದಲನೆಯದರಲ್ಲಿ 12.5, 13.5, 16. ಎರಡನೆಯದರಲ್ಲಿ 24, 27.5, 32. ಎರಡರಲ್ಲೂ ಕೊನೆಯ ದಶಕದ ಏರಿಕೆ ಮೊದಲ ದಶಕದ ಏರಿಕೆಯ ಸುಮಾರು 1.3 ಪಟ್ಟು! ಬುಡ ಎಲ್ಲಿದ್ದರೂ, ಪ್ರಮಾಣ ಏನಿದ್ದರೂ, ಏರಿಕೆ ಏರಿಕೆಗಳ ನಡುವಿನ ಅನುಪಾತ ಮಾತ್ರ ಅಲುಗುವುದಿಲ್ಲ. ಕಳೆಯುವಾಗ ಬುಡಬೆಲೆ ಹೊರಟುಹೋಗುತ್ತದೆ, ಭಾಗಿಸುವಾಗ ಪ್ರಮಾಣ ಹೊರಟುಹೋಗುತ್ತದೆ. ಪಾಠ ಎಷ್ಟು ಸಲ ಮಾಡಿದರೂ ಈ ಜಾಗಕ್ಕೆ ಬಂದಾಗ ನನಗೆ ಹೊಸದಾಗಿ ಖುಷಿಯಾಗುತ್ತದೆ.

ಹಾಗಾಗಿ ಅಂಕಿಯಿಲ್ಲದ ನಕ್ಷೆ ಬಂದಾಗ ಮೊದಲು ನೋಡಬೇಕಾದದ್ದು ಪ್ರಶ್ನೆ ಏನನ್ನು ಕೇಳುತ್ತಿದೆ ಎಂಬುದನ್ನು. "ಯಾವ ದಶಕದಲ್ಲಿ ಅತಿ ಹೆಚ್ಚು ಜನ ಸೇರಿದರು?" ಎಂದರೆ ಏನೂ ಗೊತ್ತಿಲ್ಲದೆಯೂ ಉತ್ತರಿಸಬಹುದು: ಕೊನೆಯ ದಶಕ. "ಯಾವ ದಶಕದಲ್ಲಿ ಶೇಕಡಾವಾರು ಬೆಳವಣಿಗೆ ಎಷ್ಟು?" ಎಂದರೆ ಬುಡ ಸೊನ್ನೆಯೆಂದು ಖಾತ್ರಿ ಬೇಕು, ಆದರೆ ಪ್ರಮಾಣ ಬೇಡ. ಅವಳಿನಗರದ ನಿಜವಾದ ಬೆಳವಣಿಗೆ ದಶಕಕ್ಕೆ ಶೇಕಡಾ 23, 21, 20. ಸೇರಿದ ಜನರ ಸಂಖ್ಯೆ ಏರುತ್ತಾ ಹೋಗಿದೆ, ಶೇಕಡಾವಾರು ಇಳಿಯುತ್ತಾ ಬಂದಿದೆ. ಬುಡ ಕತ್ತರಿಸಿದ ನಕ್ಷೆಯಿಂದ ಇದೇ ಲೆಕ್ಕ ಮಾಡಿದರೆ ಮೊದಲ ದಶಕಕ್ಕೆ 24ನ್ನು 5.5ರಿಂದ ಭಾಗಿಸಿ ಶೇಕಡಾ 436 ಎಂಬ ಉತ್ತರ ಸಿಗುತ್ತದೆ. ಇಂಥ ಅಸಂಭವ ಸಂಖ್ಯೆ ಕಂಡರೆ ಮೊದಲು ಬುಡವನ್ನೇ ಅನುಮಾನಿಸಿ. ಅಕ್ಷದ ಕೆಳತುದಿಯಲ್ಲಿ ಅಂಕುಡೊಂಕಾದ ಚಿಕ್ಕ ಗುರುತಿದ್ದರೆ ಅನುಮಾನವೇ ಬೇಡ, ನಡುವಿನ ಭಾಗ ಬಿಟ್ಟಿದ್ದಾರೆಂದು ಅದರ ಅರ್ಥ. ರೇಖಾನಕ್ಷೆಗಳಲ್ಲಂತೂ ಬುಡ ಸೊನ್ನೆಯಲ್ಲದಿರುವುದೇ ಸಾಮಾನ್ಯ.

ಇನ್ನು ನಿಜವಾದ ಬೆಲೆಯೇ ಬೇಕಾದರೆ? ಬುಡ ಸೊನ್ನೆ ಎಂದು ಗೊತ್ತಿದ್ದರೆ ಒಂದು ಕಂಬದ ಬೆಲೆ ಸಾಕು. ಬುಡವೂ ಗೊತ್ತಿಲ್ಲದಿದ್ದರೆ ಎತ್ತರದಲ್ಲಿ ಬೇರೆಬೇರೆಯಾದ ಎರಡು ಕಂಬಗಳ ಬೆಲೆ ಬೇಕು. ಅವು ಸಾಮಾನ್ಯವಾಗಿ ಪ್ರಶ್ನೆಯ ವಾಕ್ಯದಲ್ಲೇ ಅಡಗಿರುತ್ತವೆ. ನಮ್ಮ ಎರಡನೆಯ ನಕ್ಷೆ ಮುಂದಿದೆ, 1991ರದು 6.48 ಲಕ್ಷ, 2001ರದು 7.86 ಲಕ್ಷ ಎಂದಷ್ಟೇ ಹೇಳಿದ್ದಾರೆ ಎಂದುಕೊಳ್ಳಿ. ಕಂಬಗಳ ವ್ಯತ್ಯಾಸ 27.5 ಮಿಲಿಮೀಟರ್, ಬೆಲೆಯ ವ್ಯತ್ಯಾಸ 1,38,000. ಭಾಗಿಸಿದರೆ ಮಿಲಿಮೀಟರಿಗೆ ಸುಮಾರು 5,020 ಜನ. 2011ರ ಕಂಬ 2001ರದಕ್ಕಿಂತ 32 ಮಿಲಿಮೀಟರ್ ಮೇಲಿದೆ, ಅಂದರೆ ಸುಮಾರು 1.61 ಲಕ್ಷ ಹೆಚ್ಚು, ಒಟ್ಟು 9.47 ಲಕ್ಷ. ನಿಜ ಸಂಖ್ಯೆ 9.44. ಬುಡಕ್ಕೂ ಇಳಿಯಬಹುದು: 29.5 ಮಿಲಿಮೀಟರಿಗೆ 1.48 ಲಕ್ಷ, ಅದನ್ನು 6.48ರಿಂದ ಕಳೆದರೆ ಸರಿಯಾಗಿ ಐದು ಲಕ್ಷ. ಬುಡದಲ್ಲಿ ಹೀಗೆ ದುಂಡು ಸಂಖ್ಯೆ ಬಂದರೆ ಲೆಕ್ಕ ಹಳಿಯ ಮೇಲಿದೆ ಎಂದು ನಂಬಬಹುದು, ನಕ್ಷೆ ಬರೆಯುವವರು 4.83 ಲಕ್ಷದಂಥ ಬುಡವನ್ನು ಆರಿಸುವುದು ಅಪರೂಪ.

ಮೂರು ಸಾವಿರದ ಆ ವ್ಯತ್ಯಾಸ ಬಂದದ್ದು ಅಳತೆಪಟ್ಟಿಯಿಂದ. ಅರ್ಧ ಮಿಲಿಮೀಟರ್ ತಪ್ಪಿದರೆ ಇಲ್ಲಿ 2,500 ಜನ ತಪ್ಪುತ್ತಾರೆ. ಆಯ್ಕೆಗಳು 9.4, 9.9, 10.4 ಲಕ್ಷ ಎಂದಿದ್ದರೆ ಚಿಂತೆಯಿಲ್ಲ. 9.44 ಮತ್ತು 9.46ರ ನಡುವೆ ಆರಿಸಲು ಹೇಳಿದರೆ ಅಳತೆಪಟ್ಟಿಯ ಕೈಲಿ ಆಗದು. ಗೊತ್ತಿರುವ ಎರಡು ಕಂಬಗಳು ಒಂದಕ್ಕೊಂದು ತೀರ ಹತ್ತಿರದ ಎತ್ತರದಲ್ಲಿದ್ದರೆ ತಪ್ಪು ಇನ್ನೂ ಹಿಗ್ಗುತ್ತದೆ, ಆದ್ದರಿಂದ ಸಾಧ್ಯವಾದಷ್ಟು ದೂರದವನ್ನು ಆರಿಸಿ. ಜೆರಾಕ್ಸಿನಲ್ಲಿ ನಕ್ಷೆ ಚಿಕ್ಕದಾದರೂ ತೊಂದರೆಯಿಲ್ಲ, ಎಲ್ಲ ಕಂಬಗಳೂ ಒಂದೇ ಅನುಪಾತದಲ್ಲಿ ಕುಗ್ಗುತ್ತವೆ. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೊ ಮಾತ್ರ ಬೇಡ, ಅದರಲ್ಲಿ ದೂರದ ಕಂಬ ಗಿಡ್ಡವಾಗಿ ಕಾಣುತ್ತದೆ. WebPlotDigitizer ಎಂಬ ತಂತ್ರಾಂಶಕ್ಕೆ ನಕ್ಷೆಯ ಚಿತ್ರ ಕೊಟ್ಟರೆ ಅದೂ ಮೊದಲು ಕೇಳುವುದು ಅಕ್ಷದ ಮೇಲೆ ಬೆಲೆ ಗೊತ್ತಿರುವ ಎರಡು ಜಾಗಗಳನ್ನೇ.

ಎರಡು ಬೆಲೆಗಳಿಂದ ಪ್ರಮಾಣ ಕಟ್ಟಿದ ಮೇಲೆ ಮೂರನೆಯದೊಂದು ಗೊತ್ತಿದ್ದರೆ ಅದನ್ನು ಪರೀಕ್ಷೆಗೆ ಇಟ್ಟುಕೊಳ್ಳಿ. ನಮ್ಮ ನಕ್ಷೆಯಲ್ಲಿ 1981ರ ಕಂಬ 1991ರದಕ್ಕಿಂತ 24 ಮಿಲಿಮೀಟರ್ ಕೆಳಗಿದೆ, ಲೆಕ್ಕಕ್ಕೆ 5.28 ಲಕ್ಷ ಬರುತ್ತದೆ, ಜನಗಣತಿಯ 5.27ಕ್ಕೆ ಹೊಂದಿತು. ಹೊಂದದೆ ಹೋದರೆ ಮೊದಲು ಅಳತೆಯನ್ನು ಮತ್ತೊಮ್ಮೆ ನೋಡಿ. ಅದು ಸರಿಯಿದ್ದರೆ ಅಕ್ಷ ನಡುವೆ ಎಲ್ಲೋ ಮುರಿದಿದೆ, ಇಲ್ಲವೇ ಅದು ಲಾಗರಿದಮ್ ಪ್ರಮಾಣದ್ದು. ಅಡ್ಡಗೆರೆಗಳು ಮೇಲೆ ಹೋದಂತೆ ಒತ್ತೊತ್ತಾಗಿ, ಮತ್ತೆ ಸಡಿಲವಾಗಿ ಪುನರಾವರ್ತನೆಯಾಗುವುದು ಅದರ ಗುರುತು. ಅಲ್ಲಿ ಸಮಾನ ಎತ್ತರ ಎಂದರೆ ಸಮಾನ ಏರಿಕೆಯಲ್ಲ, ಸಮಾನ ಪಟ್ಟು. ಇದೇ ನಾಲ್ಕು ಜನಗಣತಿ ಅಂಕಿಗಳನ್ನು ಲಾಗ್ ಹಾಳೆಯ ಮೇಲೆ ಒಮ್ಮೆ ಬರೆದು ನೋಡಿ ಎಂದು ಓದುಗರನ್ನು ಕೇಳಿಕೊಳ್ಳುತ್ತೇನೆ. ಸಾಮಾನ್ಯ ಹಾಳೆಯಲ್ಲಿ ಮೇಲಕ್ಕೆ ಬಾಗುತ್ತಿದ್ದ ಗೆರೆ ಅಲ್ಲಿ ತುಸು ಕೆಳಕ್ಕೆ ಬಾಗುತ್ತದೆ, 23ರಿಂದ 20ಕ್ಕೆ ಇಳಿದ ಶೇಕಡಾವಾರು ನೇರವಾಗಿ ಕಣ್ಣಿಗೇ ಕಾಣುತ್ತದೆ.